ಸ್ಟ್ರೋಕ್ ಕೇಸ್ ಬಂದ್ರೆ ಡಿಫ್ಯೂಷನ್ನೇ ಮೊದಲು: ನಮ್ಮ 1.5 ಟೆಸ್ಲಾ ಎಂಆರ್‌ಐ ಅನುಭವ

ಸ್ಟ್ರೋಕ್ ಪೇಷೆಂಟ್‌ಗೆ ಪೂರ್ತಿ ಬ್ರೈನ್ ಎಂಆರ್‌ಐ ಪ್ರೋಟೋಕಾಲ್ ಬೇಡ, ನೀರಿನ ಓಡಾಟ ತೋರಿಸೋ ಡಿಫ್ಯೂಷನ್ ಮೊದಲು, ಆಮೇಲೆ ಊತದ ನೀರು ತೋರಿಸೋ ಫ್ಲೇರ್, ಬ್ಲೀಡ್ ನೋಡೋಕೆ ಒಂದು ಗ್ರೇಡಿಯೆಂಟ್ ಎಕೋ, ಅಷ್ಟೇ ಸಾಕು ಅಂತ ನಾನು ಅಂದಾಗ ನಮ್ಮ ಸೆಂಟರ್‌ನಲ್ಲಿ ಯಾರೂ ಒಪ್ಪಲಿಲ್ಲ. ಓನರ್‌ಗೆ ಬಿಲ್ ಚಿಂತೆ, ಅರ್ಧಂಬರ್ಧ ಸ್ಕ್ಯಾನ್‌ಗೆ ಪೂರ್ತಿ ದುಡ್ಡು ಯಾರು ಕೊಡ್ತಾರೆ ಅಂತ. ಡಾಕ್ಟರ್‌ಗಳಿಗೆ ಟೈಮ್ ಹೋಗುತ್ತೆ ಅನ್ನೋ ಭಯ. ಈಗ ಟೇಬಲ್ ಮೇಲೆ ಮಲಗಿಸಿದ್ರೆ ಆರೇಳು ನಿಮಿಷದಲ್ಲಿ ಮೂರೂ ಮುಗೀತವೆ, ಅರ್ಧ ರೇಟ್‌ಗೆ ಮಾಡಿದ್ರೂ ಕೇಸ್ ಜಾಸ್ತಿಯಾಗಿ ಲೆಕ್ಕ ಸರಿಹೋಯ್ತು.

ಎಲ್ಲರ ಬಾಯಿ ಮುಚ್ಚಿಸಿದ್ದು ಒಂದು ಕೇಸ್. ಅರವತ್ತು ದಾಟಿದ ಯಜಮಾನ್ರು, ಬಲಗೈ ಬಿದ್ದಿತ್ತು, ಮಾತು ತೊದಲ್ತಿತ್ತು, ಶುರುವಾಗಿ ಹೆಚ್ಚುಕಮ್ಮಿ ಒಂದೂವರೆ ಗಂಟೆ. ಸಿಟಿ ಕ್ಲೀನ್. ಡಿಫ್ಯೂಷನ್‌ನಲ್ಲಿ ಮೆದುಳಿನ ಎಡಗಡೆಯ ಇನ್ಸುಲಾ ಅನ್ನೋ ಭಾಗ ಬೆಳ್ಳಗೆ ಹೊಳೀತಿತ್ತು, ನೀರು ಎಷ್ಟು ಓಡಾಡ್ತಿದೆ ಅಂತ ಅಳೆದು ತೋರಿಸೋ ಎಡಿಸಿ ಮ್ಯಾಪ್‌ನಲ್ಲಿ ಅದೇ ಜಾಗ ಕಪ್ಪು. ಆ ಜಾಗಕ್ಕೆ ಆರ್‌ಓಐ ಗುರುತಿಟ್ಟು ಅಳೆದ್ರೆ ಎಡಿಸಿ ಸುಮಾರು 400×10⁻⁶ ಮಿಮೀ²/ಸೆ, ಬಲಗಡೆ ಅದೇ ಜಾಗದಲ್ಲಿ 750 ಆಸುಪಾಸು. ಫ್ಲೇರ್‌ನಲ್ಲಿ ಏನೂ ಇಲ್ಲ, ಅಂದ್ರೆ ಹೊಸದು.

ರಕ್ತ ನಿಂತ ಕೂಡಲೇ ಎಟಿಪಿ ಖಾಲಿಯಾಗುತ್ತೆ, ಸೋಡಿಯಂ ಪಂಪ್ ನಿಲ್ಲುತ್ತೆ, ಸೋಡಿಯಂ ಒಳಗೆ ನುಗ್ಗಿ ಅದರ ಹಿಂದೆ ನೀರೂ ಹೋಗುತ್ತೆ, ಜೀವಕೋಶ ಊದ್ಕೊಂಡು ಹೊರಗಿನ ಸಂದು ಕಿರಿದಾಗುತ್ತೆ. ಆ ಜಾಗದ ಒಟ್ಟು ನೀರು ಅಷ್ಟೊತ್ತಿಗೆ ಹೆಚ್ಚೇನೂ ಬದಲಾಗಿರಲ್ಲ, ಅದಕ್ಕೇ ಸಿಟಿಗೂ ಎಂಆರ್‌ಐನ ಮಾಮೂಲಿ ಟಿ2 ಇಮೇಜ್‌ಗೂ ಗೊತ್ತಾಗಲ್ಲ, ರಕ್ತನಾಳದಿಂದ ಹೊಸ ನೀರು ಸೇರೋಕೆ ಗಂಟೆಗಳು ಬೇಕು. ಆದ್ರೆ ನೀರಿನ ಓಡಾಟ ನಿಮಿಷಗಳಲ್ಲೇ ಕಟ್ಟಿಹಾಕಿದಂಗಾಗುತ್ತೆ. ಬಿ-ವ್ಯಾಲ್ಯೂ, ಅಂದ್ರೆ ಡಿಫ್ಯೂಷನ್ ಎಷ್ಟು ಜೋರಾಗಿ ಹಾಕ್ತೀವಿ ಅನ್ನೋದು, 1000 ಇಟ್ರೆ ಓಡಾಡಿದ ನೀರು ಸಿಗ್ನಲ್ ಕಳ್ಕೊಳ್ಳುತ್ತೆ, ಉಳಿಯೋದು e^(−b×ADC). ಅದಕ್ಕೆ ಮೇಲಿನ ನಂಬರ್ ಹಾಕಿ ನೋಡಿ, 750 ಇರೋ ಕಡೆ ನೂರಕ್ಕೆ 47 ಉಳಿಯುತ್ತೆ, 400 ಇರೋ ಕಡೆ 67. ಕಣ್ಣಿಗೆ ಕಾಣೋ ಬಿಳುಪು ಇಷ್ಟೇ ವ್ಯತ್ಯಾಸ.

ಕೈಕೊಡೋದೂ ಇದೆ. ಹಳೇ ಇನ್ಫಾರ್ಕ್ಟ್, ಅಂದ್ರೆ ರಕ್ತ ಸಿಗದೆ ಸತ್ತ ಜಾಗ, ಕೆಲವು ಸಲ ಬರೀ ಟಿ2 ಜೋರಿಂದ ಬೆಳ್ಳಗೆ ಕಾಣುತ್ತೆ, ಆಗ ಎಡಿಸಿ ಕಪ್ಪಾಗಿರಲ್ಲ, ಮ್ಯಾಪ್ ನೋಡದೆ ಕೂಗಬೇಡಿ. ಫಿಟ್ಸ್ ಆದವರಿಗೂ, ಶುಗರ್ ತುಂಬಾ ಇಳಿದವರಿಗೂ ಹಿಂಗೇ ಹೊಳೆಯಬಹುದು. ತಲೆ ಅಲ್ಲಾಡಿಸೋ ಪೇಷೆಂಟ್‌ಗಳಿಂದ ಶುರುವಿನಲ್ಲಿ ಎಷ್ಟೋ ಇಮೇಜ್ ಹಾಳಾದ್ವು, ಈಗ ಇಂಜೆಕ್ಷನ್ ಇಲ್ಲದೆ ನಿಲ್ಲಿಸೋ ವಿಧಾನ ನಮ್ಮಲ್ಲಿದೆ, ಅದನ್ನ ಇಲ್ಲಿ ಬರೆಯಲ್ಲ.

ಮ್ಯಾಪ್ ನಂಬರ್ ನಂಬಬಹುದಾ ಅಂತ ಒಬ್ಬರು ಕೆಣಕಿದ್ರು. ಒಂದು ನೀರಿನ ಬಾಟಲಿನ ಐಸ್ ತುಂಬಿದ ಡಬ್ಬದಲ್ಲಿ ಒಂದು ಗಂಟೆ ಮುಳುಗಿಸಿಟ್ಟು ಹೆಡ್ ಕಾಯಿಲ್‌ನಲ್ಲಿ ಸ್ಕ್ಯಾನ್ ಮಾಡ್ದೆ. ಸೊನ್ನೆ ಡಿಗ್ರಿ ನೀರಿಗೆ 1100 ಬರಬೇಕು, ನಮ್ಮದು ಅದರ ಪಕ್ಕಪಕ್ಕದಲ್ಲೇ ಬಂತು. ಖರ್ಚು ಐಸ್‌ದು ಮಾತ್ರ.

ತಲೆಸುತ್ತು, ವಾಂತಿ ಅಂತ ಬಂದವರಿಗೆ 5 ಮಿಮೀ ದಪ್ಪದ ಆಕ್ಸಿಯಲ್ ಸ್ಲೈಸ್ ಮಾತ್ರ ಹಾಕಿ ಬಿಡಬೇಡಿ, ಮೆದುಳಿನ ಬುಡದಲ್ಲಿರೋ ಮೆಡುಲ್ಲಾದ ಸಣ್ಣ ಚುಕ್ಕೆ ತಪ್ಪಿಹೋಗುತ್ತೆ. ನಾನು 3 ಮಿಮೀ ಕೊರೋನಲ್ ಒಂದು ಸೇರಿಸ್ತೀನಿ. ಅದೂ ಕ್ಲೀನ್ ಇದ್ದು ಡಾಕ್ಟರ್‌ಗೆ ಡೌಟ್ ಇದ್ರೆ ಒಂದೆರಡು ದಿನ ಬಿಟ್ಟು ಮತ್ತೆ ಸ್ಕ್ಯಾನ್ ಮಾಡ್ತೀವಿ, ಆ ಎರಡನೇ ಡಿಫ್ಯೂಷನ್‌ಗೆ ದುಡ್ಡು ತಗೊಳ್ಳಲ್ಲ.