ಜರ್ಮನಿಯಲ್ಲಿ ಹಳೆ ಸಾಮಾನು ಪಾರ್ಸೆಲ್‌ನಲ್ಲಿ ತರಿಸುವಾಗ ದುಡ್ಡು ಹೋಗದಂತೆ

ಹಳೆ ಸಾಮಾನು ಮಾರುವ Kleinanzeigen ಆ್ಯಪ್‌ನಲ್ಲಿ ಜಾಹೀರಾತು ನೋಡಿ, ಮಾರುವವರ ಮನೆಗೇ ಹೋಗಿ ನಗದು ಕೊಟ್ಟು ತರುವುದಾದರೆ ತಲೆನೋವಿಲ್ಲ. ವಸ್ತು ಹ್ಯಾಂಬರ್ಗ್‌ನಲ್ಲಿದ್ದು ನೀವು ಮ್ಯೂನಿಕ್‌ನಲ್ಲಿದ್ದರೆ, ಮಾರುವವರು ಆ್ಯಪ್‌ನ ಸುರಕ್ಷಿತ ಪಾವತಿಯಾದ Sicher bezahlen ಬೇಡವೆಂದರೆ, ದುಡ್ಡಿನ ಹೊಣೆ ಪೂರ್ತಿ ನಿಮ್ಮದೇ.

ಸಾಮಾನ್ಯವಾಗಿ ಕೇಳುವುದು ಬ್ಯಾಂಕ್ ವರ್ಗಾವಣೆ. 2025ರ ಅಕ್ಟೋಬರ್‌ನಿಂದ ಯೂರೋ ವಲಯದ ಬ್ಯಾಂಕುಗಳು ಖಾತೆಸಂಖ್ಯೆಯಾದ ಐಬಾನ್‌ಗೂ ಹೆಸರಿಗೂ ತಾಳೆಯಿದೆಯೇ ಎಂದು ಕಳಿಸುವ ಮುನ್ನವೇ ತೋರಿಸುತ್ತವೆ. ತಾಳೆಯಾಗದಿದ್ದರೆ ಅಲ್ಲೇ ನಿಲ್ಲಿಸಿ. ತಾಳೆಯಾದರೂ ಆ ಖಾತೆ ಮಾರುವವರದ್ದೇ ಎನ್ನಲಾಗದು: ಬೇರೆಯವರ ಗುರುತುಪತ್ರದಲ್ಲಿ ತೆರೆದ ಖಾತೆಗಳೂ ಇವೆ. ನಂಬಿಕೆಗೆಂದು ತಾವಾಗಿಯೇ ಗುರುತುಪತ್ರದ ಫೋಟೋ ಕಳಿಸುವವರನ್ನು ಇನ್ನಷ್ಟು ಅನುಮಾನಿಸಿ. ಅದು ಹಿಂದೆ ಮೋಸಹೋದ ಯಾರದ್ದೋ ಆಗಿರಬಹುದು.

ಪೇಪಾಲ್ ವಾಸಿ, ಆದರೆ ಸರಕು-ಸೇವೆಗೆಂದಿರುವ Waren und Dienstleistungen ಆಯ್ದರೆ ಮಾತ್ರ. ಗೆಳೆಯರು-ಮನೆಯವರಿಗೆಂದಿರುವ Freunde und Familie ಒತ್ತಿದರೆ ಕೊಳ್ಳುವವರಿಗೆ ರಕ್ಷಣೆ ಸೊನ್ನೆ. ಮಾರುವವರು ಅದನ್ನೇ ಕೇಳುವುದಕ್ಕೆ ಕಾರಣ ಎಷ್ಟೋ ಸಲ ಶುಲ್ಕ ಅಷ್ಟೇ: 2.49% ಮತ್ತು 35 ಸೆಂಟ್, ಅವರ ಪಾಲಿಗೆ ಕಡಿತ. ಹಾಗಾಗಿ ಚೌಕಾಸಿಯಲ್ಲೇ ಅದನ್ನು ಸೇರಿಸಿಬಿಡಿ. ಅಂಚೆಖರ್ಚು ಸೇರಿ 240 ಯೂರೋ ಕೇಳಿದ ಕ್ಯಾಮೆರಾ ಲೆನ್ಸ್‌ಗೆ 246.50 ಕೊಡುತ್ತೇನೆನ್ನಿ, 6.49 ಕಳೆದು ಅವರ ಕೈಗೆ 240 ಸೇರುತ್ತದೆ. ಆರೂವರೆ ಯೂರೋಗೆ ಇದಕ್ಕಿಂತ ಅಗ್ಗದ ವಿಮೆಯಿಲ್ಲ. ಆಗಲೂ ಒಪ್ಪದಿದ್ದರೆ ಶುಲ್ಕದ ನೆಪ ಮುಗಿಯಿತು, ಬಿಟ್ಟುಬಿಡಿ.

ದುಡ್ಡು ಕಳಿಸುವ ಮುನ್ನ ಪೇಪಾಲ್‌ನಲ್ಲಿರುವ ವಿಳಾಸ ಸರಿಪಡಿಸಿ. ಬೇರೆ ವಿಳಾಸವನ್ನು ಚಾಟ್‌ನಲ್ಲಿ ಹೇಳಿದರೆ ಮುಂದೆ ವಿವಾದದಲ್ಲಿ ತೊಡಕು. ಬಾಡಿಗೆ ಕೋಣೆಯಲ್ಲಿದ್ದು ಕರೆಗಂಟೆಯ ಮೇಲೆ ನಿಮ್ಮ ಹೆಸರಿಲ್ಲದಿದ್ದರೆ, ಅಲ್ಲಿರುವ ಹೆಸರನ್ನು c/o ಹಾಕಿ ಸೇರಿಸಿ; ಇಲ್ಲವಾದರೆ ಪಾರ್ಸೆಲ್ ವಾಪಸ್ ಹೋದೀತು.

ಖಾಸಗಿ ಮಾರಾಟದಲ್ಲಿ ಇನ್ನೊಂದು ಕಾನೂನಿನ ತಿರುವಿದೆ. ನಿಮ್ಮ ಕೋರಿಕೆಯಂತೆ ವಸ್ತುವನ್ನು ಅಂಚೆಯವರ ಕೈಗೆ ಕೊಟ್ಟ ಕ್ಷಣದಿಂದ, ದಾರಿಯಲ್ಲಿ ಕಳೆದುಹೋದರೆ ನಷ್ಟ ಕೊಳ್ಳುವವರದು (ನಾಗರಿಕ ಸಂಹಿತೆಯ 447ನೇ ಕಲಂ). ಆದ್ದರಿಂದ ಅಂಚೆ ಸಂಸ್ಥೆ ಡಿಎಚ್‌ಎಲ್‌ನ ಸಣ್ಣ ಪಾರ್ಸೆಲ್ Päckchen ಬೇಡ, Paket ಎಂದು ಮೊದಲೇ ಬರೆಸಿಕೊಳ್ಳಿ. Päckchenಗೆ ಪರಿಹಾರವಿಲ್ಲ, Paketಗೆ 500 ಯೂರೋವರೆಗೆ ಇದೆ. ರಸೀದಿ ಕಳಿಸಿದವರ ಬಳಿ ಇರುವುದರಿಂದ ಅದರ ಫೋಟೋ ಅಂದೇ ತರಿಸಿಕೊಳ್ಳಿ. ಪೆಟ್ಟಿಗೆ ಬಂದಾಗ ಚೀಟಿಯಿಂದ ಹಿಡಿದು ಒಳಗಿನ ವಸ್ತುವಿನವರೆಗೆ ಒಂದೇ ವಿಡಿಯೋದಲ್ಲಿ ತೆರೆಯಿರಿ.

ಬರಲಿಲ್ಲವೇ? ಬ್ಯಾಂಕಿನಿಂದ ಕಳಿಸಿದ್ದರೆ ತಕ್ಷಣ ಬ್ಯಾಂಕಿಗೆ ಕರೆಮಾಡಿ, ನಿಮ್ಮ ರಾಜ್ಯದ ಪೊಲೀಸರ ಆನ್‌ಲೈನ್ ಠಾಣೆಯಲ್ಲಿ ದೂರು ಕೊಡಿ. ತತ್‌ಕ್ಷಣ ವರ್ಗಾವಣೆಯಾಗಿದ್ದರೆ ದುಡ್ಡು ಮರಳುವುದು ಅಪರೂಪ. ಪೇಪಾಲ್ ಆದರೆ ಪಾವತಿಸಿದ 180 ದಿನದೊಳಗೆ ವಿವಾದ ತೆರೆಯಿರಿ. ಮಾರುವವರು "ನಾಳೆ, ನಾಡಿದ್ದು" ಎಂದು ಎಳೆಯುತ್ತಿದ್ದರೆ, ವಿವಾದ ತೆರೆದ 20 ದಿನದೊಳಗೆ ಅದನ್ನು ಪೇಪಾಲ್ ತೀರ್ಪಿಗೆ ಏರಿಸಲೇಬೇಕು. ಇಲ್ಲವಾದರೆ ಅದು ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ಮತ್ತೆ ತೆರೆಯಲಾಗದು.