ಮೊದಲ ಸ್ಟೈಪೆಂಡ್ ಕೈಗೆ ಬರುವ ಮುಂಚಿನ ನಲವತ್ತೆರಡು ದಿನ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಂಪನಿಯಲ್ಲಿ ನನಗೆ ಆರು ತಿಂಗಳ ಇಂಟರ್ನ್‌ಶಿಪ್ ಸಿಕ್ಕಾಗ, ತಿಂಗಳಿಗೆ 9,000 ರೂಪಾಯಿ ಸ್ಟೈಪೆಂಡ್ ಎಂದು ಪತ್ರದಲ್ಲಿ ಬರೆದಿತ್ತು. ಅರಸೀಕೆರೆ ಪಕ್ಕದ ನಮ್ಮ ಊರಿನಲ್ಲಿ ಕುಳಿತು ಲೆಕ್ಕ ಹಾಕುವಾಗ ಅದು ಸಾಕೆನ್ನಿಸಿತು. ಆದರೆ ಪತ್ರದಲ್ಲಿ ಇಲ್ಲದ ಒಂದು ಸಂಗತಿಯನ್ನು ನಾನು ಫೋನ್ ಮಾಡಿ ಕೇಳಿದೆ: ಹಣ ಯಾವ ತಾರೀಖಿಗೆ ಬರುತ್ತದೆ? ಹಾಜರಾತಿ ನೋಡಿ ಮುಂದಿನ ತಿಂಗಳ ಎರಡನೇ ವಾರದಲ್ಲಿ ಎಂದರು. ಅಂದರೆ ಜನವರಿ 1ಕ್ಕೆ ಮೈಸೂರಿಗೆ ಹೋಗಿ ಇಳಿದ ನನಗೆ ಮೊದಲ ಹಣ ಫೆಬ್ರವರಿ 12ರ ಸುಮಾರಿಗೆ ಬರುತ್ತದೆ. ಅಲ್ಲಿಯವರೆಗಿನ ನಲವತ್ತೆರಡು ದಿನಗಳನ್ನು, ಅಡ್ವಾನ್ಸೂ ಸೇರಿದಂತೆ, ಅಪ್ಪ ಕೊಬ್ಬರಿ ಮಾರಿ ಕೊಟ್ಟ 16,000 ರೂಪಾಯಿಯಲ್ಲೇ ಕಳೆಯಬೇಕು. ಆಮೇಲೆ ನಾನು ಮಾಡಿದ ಪ್ರತಿಯೊಂದು ತೀರ್ಮಾನವೂ ಈ ಲೆಕ್ಕದಿಂದಲೇ ಹುಟ್ಟಿದ್ದು.

ಮೊದಲು ಮೊಬೈಲಿನಲ್ಲೇ ಹುಡುಕಿದೆ. ವಿಜಯನಗರದಲ್ಲಿ ಒಳ್ಳೆಯ ಫೋಟೋಗಳಿದ್ದ ಒಂದು ಕೋಣೆ ಬಹಳ ಕಡಿಮೆ ಬಾಡಿಗೆಗೆ ಕಂಡಿತು. ಫೋನ್ ಎತ್ತಿದವರು ತಾವು ಸೇನೆಯಲ್ಲಿರುವುದಾಗಿಯೂ, ಬೇರೆ ರಾಜ್ಯಕ್ಕೆ ವರ್ಗವಾಗಿರುವುದಾಗಿಯೂ ಹೇಳಿ, 2,000 ರೂಪಾಯಿ ಟೋಕನ್ ಕಳಿಸಿದರೆ ಕೋಣೆಯನ್ನು ಹಿಡಿದಿಡುತ್ತೇನೆ ಎಂದರು. ಟೋಕನ್ ಬೇಡ, ಬಂದು ನೋಡುತ್ತೇನೆ ಎಂದೆ. ಆಮೇಲೆ ಆ ನಂಬರಿಗೆ ಕರೆ ಹೋಗಲಿಲ್ಲ. ಇಂಥವರು ಮುಂದಿನ ಹಂತದಲ್ಲಿ, ನಿಮಗೇ ಹಣ ವಾಪಸು ಬರುತ್ತದೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎನ್ನುತ್ತಾರೆ. ಯುಪಿಐನಲ್ಲಿ ಹಣ ಪಡೆಯುವುದಕ್ಕೆ ಪಿನ್ ಬೇಕಾಗುವುದೇ ಇಲ್ಲ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಡಿಸೆಂಬರ್ ಕೊನೆಯ ವಾರ ಅಪ್ಪನೊಂದಿಗೆ ಮೈಸೂರಿಗೆ ಹೋಗಿ, ಅವರ ಪರಿಚಯದವರ ಮನೆಯಲ್ಲಿ ಒಂದು ರಾತ್ರಿ ಉಳಿದುಕೊಂಡು, ಮೇಟಗಳ್ಳಿ ಮತ್ತು ವಿಜಯನಗರದ ಸುತ್ತ ಮೂರು ಜಾಗಗಳನ್ನು ನೋಡಿದೆವು. ಹುಡುಗಿಯರ ಪಿಜಿಗಳಲ್ಲಿ ಗಂಡಸರನ್ನು ಮೇಲಕ್ಕೆ ಬಿಡುವುದಿಲ್ಲವಾದ್ದರಿಂದ ಅಪ್ಪ ಕೆಳಗಿನ ಟೀ ಅಂಗಡಿಯಲ್ಲಿ ಕುಳಿತರು. ಅದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು, ಏಕೆಂದರೆ ಪಿಜಿಯ ಮಾಲೀಕರು ಹೇಳದ ಸಂಗತಿಗಳನ್ನು ಟೀ ಅಂಗಡಿಯವರು ಹೇಳುತ್ತಾರೆ.

ಮೊದಲ ಪಿಜಿ ಎಲ್ಲಕ್ಕಿಂತ ಅಗ್ಗವಾಗಿತ್ತು, ಕೋಣೆಯೂ ಚೊಕ್ಕವಾಗಿತ್ತು. ಸ್ನಾನದ ಮನೆಯ ಬಾಗಿಲು ತೆಗೆದಾಗ ಗೋಡೆಯ ಮೇಲೆ ಗ್ಯಾಸ್ ಗೀಸರ್ ಕಂಡಿತು. ಮೇಲಿನ ಗಾಳಿಕಿಂಡಿಗೆ ಚಳಿ ಬರಬಾರದೆಂದು ರಟ್ಟು ಅಂಟಿಸಿದ್ದರು. ಗಾಳಿಯಾಡದ ಜಾಗದಲ್ಲಿ ಗ್ಯಾಸ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆನೋವು, ಸುಸ್ತು ಎಂದುಕೊಳ್ಳುವಷ್ಟರಲ್ಲಿ ಒಳಗಿದ್ದವರು ಎಚ್ಚರ ತಪ್ಪಿರುತ್ತಾರೆ. ರಟ್ಟು ತೆಗೆಸುತ್ತೀರಾ ಎಂದು ಕೇಳಿದ್ದಕ್ಕೆ ಪಿಜಿ ನೋಡಿಕೊಳ್ಳುವವರು ನಕ್ಕರು. ನಾನು ಕೆಳಗಿಳಿದು ಬಂದೆ.

ಎರಡನೆಯದು ಮೇಟಗಳ್ಳಿಯ ಪಿಜಿ: ಮೂವರ ಕೋಣೆ, ಬೆಳಗಿನ ತಿಂಡಿ ಮತ್ತು ರಾತ್ರಿ ಊಟ ಸೇರಿ 6,000. ಸೋಲಾರ್ ನೀರು, ಒಳಗಿನಿಂದ ಗಟ್ಟಿ ಚಿಲಕ. ಮೆಟ್ಟಿಲ ಬುಡದ ಗ್ರಿಲ್ ಗೇಟಿಗೆ ರಾತ್ರಿ ಹತ್ತಕ್ಕೆ ಬೀಗ ಹಾಕುತ್ತಾರೆ ಎಂದಾಗ, ಬೆಂಕಿಯೋ ಮತ್ತೊಂದೋ ಆದರೆ ಕೀಲಿ ಎಲ್ಲಿರುತ್ತದೆ ಎಂದು ಕೇಳಿದೆ. ಒಂದು ಕೀಲಿಯನ್ನು ಮಹಡಿಯ ಒಳಗೇ, ಮೊಳೆಗೆ ತೂಗುಹಾಕಿದ್ದನ್ನು ತೋರಿಸಿದರು. ಮಾಲೀಕರಾದ ಅಮ್ಮ ಅದೇ ಕಟ್ಟಡದ ಕೆಳಗಡೆ ವಾಸವಾಗಿದ್ದರು. ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹುಡುಗಿಯೊಬ್ಬಳನ್ನು ಒಬ್ಬಳೇ ಇದ್ದಾಗ ಮಾತನಾಡಿಸಿ, ಇಲ್ಲಿಂದ ಕೊನೆಗೆ ಬಿಟ್ಟುಹೋದವರಿಗೆ ಅಡ್ವಾನ್ಸ್ ಎಷ್ಟು ದಿನಕ್ಕೆ ಬಂತು ಎಂದು ಕೇಳಿದೆ. "ಅವತ್ತೇ ಕೊಟ್ರು, ಆದ್ರೆ ಮುರ್ಕೊಂಡು ಕೊಟ್ರು" ಎಂದಳು. ಈ ಒಂದು ಪ್ರಶ್ನೆಗೆ ಬರುವ ಉತ್ತರದಿಂದ ಮಾಲೀಕರ ಸ್ವಭಾವ ತಿಳಿದಷ್ಟು ಬೇರಾವುದರಿಂದಲೂ ತಿಳಿಯುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಅದೇ ದಿನ ರಾತ್ರಿ ಎಂಟೂವರೆಗೆ ಮತ್ತೆ ಬಂದು, ಬಸ್ ಸ್ಟಾಪಿನಿಂದ ಪಿಜಿಯವರೆಗೆ ಅಪ್ಪನನ್ನು ಹಿಂದೆ ಬಿಟ್ಟು ಒಬ್ಬಳೇ ನಡೆದು ನೋಡಿದೆ. ಎರಡು ದೀಪ ಕೆಟ್ಟಿದ್ದವು, ಆದರೆ ದಾರಿಯುದ್ದಕ್ಕೂ ಅಂಗಡಿಗಳು ತೆರೆದಿದ್ದವು.

ಮೂರನೆಯದು ಇಬ್ಬರು ಹುಡುಗಿಯರು ಬಾಡಿಗೆಗೆ ಹಿಡಿದಿದ್ದ ಮನೆಯಲ್ಲಿ ಒಂದು ಪಾಲು. ಬಾಡಿಗೆಯ ಪಾಲು 2,500, ಅಡುಗೆ ಸಾಮಾನು 2,400, ಕರೆಂಟು, ನೀರು, ಗ್ಯಾಸಿಗೆ 500. ಒಟ್ಟು 5,400, ಮಧ್ಯಾಹ್ನದ ಬುತ್ತಿಯೂ ಇದರಲ್ಲೇ. ಪಿಜಿಯಲ್ಲಾದರೆ 6,000ದ ಜೊತೆಗೆ ಮಧ್ಯಾಹ್ನದ ಊಟಕ್ಕೆ ದಿನಕ್ಕೆ 50ರಂತೆ ಇಪ್ಪತ್ತೈದು ದಿನಕ್ಕೆ 1,250 ಆಗುತ್ತದೆ. ತಿಂಗಳಿಗೆ 1,850 ಉಳಿತಾಯ ಎಂದು ಯಾರಿಗಾದರೂ ಆಸೆಯಾಗುತ್ತದೆ, ನನಗೂ ಆಯಿತು. ಆದರೆ ಅಡ್ವಾನ್ಸಿನ ಪಾಲು 10,000. ಮನೆ ಬಿಡುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ಉಳಿದದ್ದು ವಾಪಸು ಬರಬೇಕಾದರೆ ಜೂನ್ ಕೊನೆಯಲ್ಲಿ ನನ್ನ ಜಾಗಕ್ಕೆ ಇನ್ನೊಬ್ಬಳನ್ನು ನಾನೇ ಹುಡುಕಿ ಕೊಡಬೇಕು. ಇದೆಲ್ಲಕ್ಕಿಂತ ಮುಖ್ಯವಾಗಿ, 16,000ದಲ್ಲಿ 12,500 ಮೊದಲ ದಿನವೇ ಹೋದರೆ, ನಲವತ್ತೆರಡು ದಿನದ ಊಟಕ್ಕೂ ಎರಡನೇ ತಿಂಗಳ ಬಾಡಿಗೆಗೂ ಸೇರಿ ಕೈಯಲ್ಲಿ 3,500 ಮಾತ್ರ ಉಳಿಯುತ್ತದೆ. ಒಂದು ವರ್ಷ ಇರುವವರಿಗೆ ಇದೇ ಸರಿಯಾದ ಆಯ್ಕೆ. ನಾನು ಪಿಜಿಗೇ ಒಪ್ಪಿದೆ.

ಪಿಜಿಯ ಅಡ್ವಾನ್ಸ್ 5,000, ಅದರಲ್ಲಿ 1,500 ಮೇಂಟೆನೆನ್ಸ್ ಹೆಸರಿನಲ್ಲಿ ವಾಪಸಿಲ್ಲ. ಬಾಡಿಗೆ ಪ್ರತಿ ತಿಂಗಳು 5ರೊಳಗೆ. ಇಲ್ಲಿ ನಾನು ಬಾಡಿಗೆ ಕಡಿಮೆ ಮಾಡಿ ಎಂದು ಚೌಕಾಸಿ ಮಾಡಲಿಲ್ಲ, ತಾರೀಖಿಗೆ ಮಾಡಿದೆ. "ಅಮ್ಮಾ, ನಂಗೆ ದುಡ್ಡು ಬರೋದೇ ಹನ್ನೆರಡಕ್ಕೆ. ಹದಿನೈದರೊಳಗೆ ಕೊಟ್ರೆ ಆಗುತ್ತಾ?" ಎಂದು ಕೇಳಿ, ಕಂಪನಿಯ ಪತ್ರ ತೋರಿಸಿದೆ. ಅವರು ಸ್ವಲ್ಪ ಯೋಚಿಸಿ ಒಪ್ಪಿದರು. ಅದನ್ನೂ, 1,500ದ ವಿಷಯವನ್ನೂ ರಸೀದಿಯ ಮೇಲೆ ಬರೆಸಿಕೊಂಡೆ. ಗುರುತಿಗೆ ಆಧಾರ್‌ನ ಪೂರ್ತಿ ಜೆರಾಕ್ಸ್ ಬದಲು ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಟ್ಟು, ಅದರ ಮೇಲೆ ಅಡ್ಡಲಾಗಿ "ಪಿಜಿ ವಾಸಕ್ಕೆ ಮಾತ್ರ" ಎಂದು ತಾರೀಖಿನೊಂದಿಗೆ ಬರೆದೆ.

ಮೊದಲ ದಿನ 11,000 ಹೋಗಿ 5,000 ಉಳಿಯಿತು. ಜನವರಿಯಲ್ಲಿ ಊಟಕ್ಕೆ 1,250, ಬಕೆಟ್, ಬೀಗ, ಹೊದಿಕೆಗೆ 900, ಮೊಬೈಲ್ ರೀಚಾರ್ಜ್ ಮತ್ತು ಸೋಪು ಇತ್ಯಾದಿಗೆ 500 ಕಳೆದು 2,350. ಫೆಬ್ರವರಿಯ ಮೊದಲ ಹನ್ನೆರಡು ದಿನಕ್ಕೆ 700 ಖರ್ಚಾಗಿ 1,650 ಇದ್ದಾಗ ಸ್ಟೈಪೆಂಡ್ ಬಂತು. ತಾರೀಖು ಬದಲಾಗದಿದ್ದರೆ 5ಕ್ಕೆ ನಾನು ಸಾಲ ಕೇಳಬೇಕಿತ್ತು. ಬಸ್ಸಿನ ಖರ್ಚು ಈ ಲೆಕ್ಕದಲ್ಲಿ ಇಲ್ಲದಿರುವುದಕ್ಕೆ ಕಾರಣ 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆ. ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಕಂಪನಿಗೂ ಊರಿಗೂ ಶೂನ್ಯ ಟಿಕೆಟ್‌ನಲ್ಲೇ ಓಡಾಡಿದೆ. ನನ್ನ ಜೊತೆ ಸೇರಿದ ಹುಡುಗನಿಗೆ ಅದೂ ಒಂದು ಖರ್ಚಾಗಿತ್ತು, ಅದಕ್ಕೇ ಅವನು ನಡೆದು ಹೋಗುವಷ್ಟು ಹತ್ತಿರದ ಕೋಣೆಗೆ ಹೆಚ್ಚು ಬಾಡಿಗೆ ಕೊಡುತ್ತಿದ್ದ.

ನಾನು ಎಡವಿದ್ದು ಬಿಡುವಾಗ. ಖಾಲಿ ಮಾಡುವ ಮೂವತ್ತು ದಿನ ಮುಂಚೆ ಹೇಳಬೇಕೆಂದು ರಸೀದಿಯ ಹಿಂಬದಿಯಲ್ಲಿ ಅಚ್ಚಾಗಿತ್ತು; ಮುಂಬದಿಯಲ್ಲಿ ಅಷ್ಟೆಲ್ಲ ಬರೆಸಿಕೊಂಡ ನಾನು ತಿರುಗಿಸಿ ನೋಡಿರಲಿಲ್ಲ. ಜೂನ್ 30ಕ್ಕೆ ಹೊರಡುವುದನ್ನು 8ರಂದು ಹೇಳಿದೆ. ಕಡಿಮೆಯಾದ ಎಂಟು ದಿನಕ್ಕೆ ದಿನಕ್ಕೆ 200ರಂತೆ 1,600 ಮುರಿದುಕೊಂಡು, ಬರಬೇಕಿದ್ದ 3,500ರಲ್ಲಿ 1,900 ಕೊಟ್ಟರು. ತಾರಸಿಯ ಹುಡುಗಿ ಹೇಳಿದಂತೆಯೇ, ಅವತ್ತೇ. ಬಕೆಟ್ ಮತ್ತು ಹೊದಿಕೆಯನ್ನು ನನ್ನ ಮಂಚಕ್ಕೆ ಬಂದ ಹುಡುಗಿಗೆ 300 ರೂಪಾಯಿಗೆ ಕೊಟ್ಟು, ರಸೀದಿಯ ಹಿಂಬದಿಯನ್ನು ತೋರಿಸಿ ಅರಸೀಕೆರೆ ಬಸ್ ಹತ್ತಿದೆ.