ಮಿನಿ ಪಿಸಿಯಲ್ಲಿ ಗೇಮ್: 45 ವ್ಯಾಟ್‌ಗೆ ಕಟ್ಟಿಹಾಕಿ ಆಡಿದ ಅನುಭವ

ನಾನು ಬಳಸುತ್ತಿರುವುದು ಊಟದ ಡಬ್ಬಿಯಷ್ಟೇ ಇರುವ ಮಿನಿ ಪಿಸಿ. ಒಳಗೆ ರೈಜನ್ 7 7840ಎಚ್‌ಎಸ್ ಪ್ರೊಸೆಸರ್, ಅದರಲ್ಲೇ ಸೇರಿಕೊಂಡಿರುವ ರೇಡಿಯಾನ್ 780ಎಂ ಗ್ರಾಫಿಕ್ಸ್, ಹೊರಗೆ 120 ವ್ಯಾಟ್‌ನ ಅಡಾಪ್ಟರ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ತೀರ್ಥಹಳ್ಳಿ ಕಡೆಯ ಹಂಚಿನ ಮನೆಯಲ್ಲಿ ಬೇಸಿಗೆ, ಮಳೆಗಾಲ ಎರಡರಲ್ಲೂ ಇದನ್ನು ಅಳೆದು ನೋಡಿದ್ದೇನೆ. ಜಿಟಿಎ 5 ಆಟವನ್ನು 1080ಪಿ, ಹೈ ಸೆಟ್ಟಿಂಗ್‌ನಲ್ಲಿ 60 ಎಫ್‌ಪಿಎಸ್ ಕದಲದಂತೆ ಗಂಟೆಗಟ್ಟಲೆ ಆಡಬಹುದು. ಆದರೆ ಕಂಪನಿಯಿಂದ ಬಂದ ಸೆಟ್ಟಿಂಗ್‌ನಲ್ಲೇ ಬಿಟ್ಟರೆ ಅದು ಆಗುವುದಿಲ್ಲ.

ಈ ಪ್ರೊಸೆಸರ್‌ಗೆ ಎಎಂಡಿ ಹೇಳಿರುವ ವ್ಯಾಪ್ತಿ 35ರಿಂದ 54 ವ್ಯಾಟ್. ನನ್ನ ಪೆಟ್ಟಿಗೆಯ ಬಯಾಸ್‌ನಲ್ಲಿದ್ದ ‘Performance’ ಮೋಡ್ ಅದನ್ನು 65 ವ್ಯಾಟ್‌ವರೆಗೆ ಓಡಿಸುತ್ತಿತ್ತು. ಗೇಮ್ ಶುರುವಾದ ಮೊದಲ ಎರಡು ಮೂರು ನಿಮಿಷ ಎಲ್ಲವೂ ಚೆನ್ನಾಗಿರುತ್ತದೆ, ಯಾಕೆಂದರೆ ತಣ್ಣಗಿರುವ ತಾಮ್ರ ಅಷ್ಟು ಹೊತ್ತು ಬಿಸಿಯನ್ನು ನುಂಗಿಕೊಳ್ಳುತ್ತದೆ. ಆಮೇಲೆ ಚಿಪ್ 95 ಡಿಗ್ರಿ ದಾಟುತ್ತದೆ, ಫ್ಯಾನ್ ಕಿರುಚುತ್ತದೆ, 100 ಡಿಗ್ರಿ ಮಿತಿ ಹತ್ತಿರ ಬರುತ್ತಿದ್ದಂತೆ ಚಿಪ್ ತಾನೇ ವೇಗ ಇಳಿಸಿ ಮತ್ತೆ ಏರಿಸುತ್ತದೆ. ಆಡುವವರಿಗೆ ತೊಂದರೆ ಕೊಡುವುದು ಈ ಏರಿಳಿತ. ಐದು ನಿಮಿಷ ಓಡಿಸಿ ತೆಗೆದ ಎಫ್‌ಪಿಎಸ್ ಅಂಕಿಯನ್ನು ಅದಕ್ಕೇ ನಂಬಬಾರದು, ಕನಿಷ್ಠ 20 ನಿಮಿಷ ಓಡಬೇಕು.

ಅದೇ ಜಾಗ, ಅದೇ ಸೆಟ್ಟಿಂಗ್ ಇಟ್ಟುಕೊಂಡು ವ್ಯಾಟ್ ಮಾತ್ರ ಇಳಿಸುತ್ತಾ ಹೋದಾಗ ನನಗೆ ಸಿಕ್ಕ ಸರಾಸರಿ ಹೀಗಿತ್ತು: 65 ವ್ಯಾಟ್‌ಗೆ 74 ಎಫ್‌ಪಿಎಸ್, 54ಕ್ಕೆ 73, 45ಕ್ಕೆ 70, 35ಕ್ಕೆ 63, 25ಕ್ಕೆ 49. ಅಂದರೆ 65ರಿಂದ 45ಕ್ಕೆ ಇಳಿದಾಗ 20 ವ್ಯಾಟ್ ಉಳಿಯಿತು, ಹೋಗಿದ್ದು ನಾಲ್ಕೇ ಎಫ್‌ಪಿಎಸ್. 25ಕ್ಕೆ ಇಳಿಸಿದರೆ ಮಾತ್ರ ಆಟವೇ ಕೈತಪ್ಪುತ್ತದೆ. ಮೇಲಿನ ವ್ಯಾಟ್‌ಗಳು ವ್ಯರ್ಥವಾಗುವುದಕ್ಕೆ ಕಾರಣ ರ‍್ಯಾಮ್. 780ಎಂಗೆ ಸ್ವಂತ ಮೆಮೊರಿ ಇಲ್ಲ, ಪ್ರೊಸೆಸರ್ ಬಳಸುವ ಡಿಡಿಆರ್5-5600 ರ‍್ಯಾಮನ್ನೇ ಹಂಚಿಕೊಳ್ಳಬೇಕು. ಎರಡು ಸ್ಟಿಕ್ ಹಾಕಿದರೆ ಸೆಕೆಂಡಿಗೆ 89.6 ಜಿಬಿ ಡೇಟಾ ಹರಿಯುತ್ತದೆ, ಅಷ್ಟೇ. ಹಳೆಯ ಜಿಟಿಎಕ್ಸ್ 1650 ಕಾರ್ಡ್‌ಗೂ ತನ್ನದೇ ಮೆಮೊರಿಯಿಂದ ಸೆಕೆಂಡಿಗೆ 128 ಜಿಬಿ ಬರುತ್ತಿತ್ತು. ಡೇಟಾ ಬರುವ ದಾರಿಯೇ ಕಿರಿದಾಗಿರುವಾಗ ಗ್ರಾಫಿಕ್ಸ್‌ಗೆ ಎಷ್ಟು ಕರೆಂಟ್ ಕೊಟ್ಟರೂ ಅದು ಕಾಯುತ್ತಲೇ ಕೂರುತ್ತದೆ.

ಅಂಗಡಿಯವರು ಒಂದೇ 16 ಜಿಬಿ ಸ್ಟಿಕ್ ಹಾಕಿ ಕೊಡುವ ಮಾಡೆಲ್‌ಗಳನ್ನು ಗೇಮ್‌ಗೆ ತೆಗೆದುಕೊಳ್ಳಬೇಡಿ ಅನ್ನುವುದು ಇದಕ್ಕೇ. ಒಂದೇ ಸ್ಟಿಕ್ ಇದ್ದರೆ ಹರಿವು ಸರಿಯಾಗಿ ಅರ್ಧ, 44.8 ಜಿಬಿ. 45 ವ್ಯಾಟ್‌ನಲ್ಲೇ ಒಂದು ಸ್ಟಿಕ್ ಕಿತ್ತು ನೋಡಿದರೆ 70 ಇದ್ದದ್ದು 46ಕ್ಕೆ ಬಿತ್ತು. ಯಾವ ಕೂಲಿಂಗ್ ಸುಧಾರಣೆಯೂ ಇಷ್ಟು ವ್ಯತ್ಯಾಸ ತರುವುದಿಲ್ಲ. ನಿಮ್ಮ ಪಿಸಿಯಲ್ಲಿ ಎಷ್ಟಿದೆ ಎಂದು ನೋಡಲು ಮುಚ್ಚಳ ಬಿಚ್ಚಬೇಕಾಗಿಲ್ಲ. ಟಾಸ್ಕ್ ಮ್ಯಾನೇಜರ್‌ನಲ್ಲಿ Performance, Memory ತೆರೆದರೆ ‘Slots used’ ಎದುರು ‘2 of 2’ ಇರಬೇಕು.

ವ್ಯಾಟ್ ಇಳಿಸುವುದಕ್ಕೆ ಮೊದಲು ಬಯಾಸ್ ನೋಡಿ. ‘Balanced’ ಎಂಬ ಮೋಡ್ ಇದ್ದರೆ ಅದನ್ನು ಆರಿಸಿ, ‘TDP’ ಎಂಬ ಅಂಕಿ ಇದ್ದರೆ ಅಲ್ಲೇ 45 ಕೊಟ್ಟರೆ ಸಾಕು. ಇಲ್ಲದಿದ್ದರೆ ರೈಜನ್‌ಅಡ್ಜ್ ಎಂಬ ಸಣ್ಣ ಪ್ರೋಗ್ರಾಂ ಇದೆ, ಅಡ್ಮಿನ್ ಆಗಿ ಓಡಿಸಬೇಕು. ಮೊದಲ ಮೂರು ಅಂಕಿ ಮಿಲಿವ್ಯಾಟ್‌ನಲ್ಲಿವೆ, ಕೊನೆಯ 90 ಬಿಸಿಯ ಮಿತಿ, ಡಿಗ್ರಿಯಲ್ಲಿ:

```
ryzenadj --stapm-limit=45000 --slow-limit=45000 --fast-limit=50000 --tctl-temp=90
```

ಪಿಸಿ ರೀಸ್ಟಾರ್ಟ್ ಆದರೆ ಇದು ಅಳಿಸಿಹೋಗುತ್ತದೆ, ಮತ್ತೆ ಕೊಡಬೇಕು. ಬಯಾಸ್ ದಾರಿ ಇದ್ದರೆ ಅದೇ ವಾಸಿ. ಇದರ ಮೇಲೆ ಗೇಮ್ ಒಳಗೆ ವಿಸಿಂಕ್ ಹಾಕಿ 60ಕ್ಕೆ ನಿಲ್ಲಿಸಿದರೆ ನನ್ನಲ್ಲಿ ಚಿಪ್ ನಿಜವಾಗಿ ಎಳೆಯುವುದು 36-38 ವ್ಯಾಟ್ ಮಾತ್ರ. ಉಳಿದದ್ದು ಕಾರು ಓಡಿಸುವಾಗ, ಸ್ಫೋಟವಾದಾಗ ಉಪಯೋಗಕ್ಕೆ ಬರುತ್ತದೆ.

ಎಫ್‌ಪಿಎಸ್ ಬಿದ್ದಾಗ ತಪ್ಪು ಎಲ್ಲಿದೆ ಎಂದು ಎಚ್‌ಡಬ್ಲ್ಯೂಇನ್ಫೋ ಎಂಬ ಪ್ರೋಗ್ರಾಂ ತೋರಿಸುತ್ತದೆ. ಮೂರು ಸಾಲು ನೋಡಿದರೆ ಸಾಕು: CPU (Tctl/Tdie), CPU Package Power, GPU Clock. ಬಿಸಿ 95ರ ಆಸುಪಾಸಿನಲ್ಲಿ, ಮೇಲಿನ ಕಮಾಂಡ್ ಕೊಟ್ಟಿದ್ದರೆ 90ರ ಆಸುಪಾಸಿನಲ್ಲಿ ಇದ್ದು ಪವರ್ ನಾವು ಕೊಟ್ಟ ಮಿತಿಗಿಂತ ಕೆಳಗೆ ಜಾರುತ್ತಿದ್ದರೆ ಗಾಳಿ ಸಾಲುತ್ತಿಲ್ಲ. ಬಿಸಿ 80ರಲ್ಲಿದ್ದು ಪವರ್ ಸರಿಯಾಗಿ 45ಕ್ಕೆ ಅಂಟಿಕೊಂಡಿದ್ದರೆ ವ್ಯಾಟ್ ಮಿತಿಯೇ ತಡೆಯುತ್ತಿದೆ. ಬಿಸಿಯೂ ಕಡಿಮೆ, ಗ್ರಾಫಿಕ್ಸ್ ವೇಗ 2700 ಮೆಗಾಹರ್ಟ್ಸ್ ಹತ್ತಿರ, ಆದರೂ ಎಫ್‌ಪಿಎಸ್ ಏಳುತ್ತಿಲ್ಲ ಅಂದರೆ ಮೊದಲು ರ‍್ಯಾಮ್ ನೋಡಿ.

ಇನ್ನು ನಮ್ಮ ಕಡೆಯ ಹವೆ. ಕೋಣೆ ಎಷ್ಟು ಡಿಗ್ರಿ ಏರುತ್ತದೋ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಪೂರ್ತಿ 45 ವ್ಯಾಟ್ ಎಳೆಯುವಾಗ ಜುಲೈ ಮಳೆಯಲ್ಲಿ, 22 ಡಿಗ್ರಿ ಕೋಣೆಯಲ್ಲಿ 76 ತೋರಿಸಿದ್ದು ಏಪ್ರಿಲ್‌ನ 34 ಡಿಗ್ರಿಗೆ 88 ಆಯಿತು. ಹಾಗಾಗಿ ಮಳೆಗಾಲದಲ್ಲಿ ಅಳೆದು ಸರಿ ಇದೆ ಎಂದು ಬಿಟ್ಟವರಿಗೆ ಬೇಸಿಗೆಯಲ್ಲಿ ತೊಂದರೆ ಬರುತ್ತದೆ. ನನ್ನ ಪೆಟ್ಟಿಗೆ ಗಾಳಿ ಎಳೆಯುವುದು ತಳದಿಂದ, ರಬ್ಬರ್ ಕಾಲು ಮೂರು ಮಿಲಿಮೀಟರ್ ಕೂಡ ಇಲ್ಲ. ನಾಲ್ಕು ಮೂಲೆಗೆ ಬಾಟಲಿ ಮುಚ್ಚಳ ಇಟ್ಟು ಎತ್ತರಿಸಿದ್ದಕ್ಕೇ ಐದು ಡಿಗ್ರಿ ಇಳಿಯಿತು. ಮೇಲಿನ ಬೇಸಿಗೆ, ಮಳೆಗಾಲದ ಅಂಕಿಗಳೂ ಮುಚ್ಚಳ ಇಟ್ಟ ಮೇಲಿನವು.

ಅದಕ್ಕಿಂತ ದೊಡ್ಡ ಶತ್ರು ಅಡಿಕೆ ಕೊಯ್ಲಿನ ಧೂಳು. ಸುಲಿಯುವ ಮನೆಯಲ್ಲಿ ಎರಡು ತಿಂಗಳು ಓಡಿದ ಮೇಲೆ ಬಿಚ್ಚಿ ನೋಡಿದರೆ ಫ್ಯಾನ್ ಬ್ಲೇಡು ಚೊಕ್ಕಟವಾಗಿಯೇ ಕಾಣುತ್ತದೆ. ಧೂಳು ಇರುವುದು ಫ್ಯಾನ್‌ಗೂ ಹೀಟ್‌ಸಿಂಕ್‌ನ ತಾಮ್ರದ ಎಲೆಗಳಿಗೂ ನಡುವೆ, ಕಂಬಳಿ ತುಂಡಿನ ಹಾಗೆ ಬೂದು ಪದರವಾಗಿ. ಹೊರಗಿನಿಂದ ಫ್ಯಾನ್ ಕಡೆಯಿಂದ ಊದಿದರೆ ಅದು ಇನ್ನೂ ಒತ್ತಿಕೊಳ್ಳುತ್ತದೆ. ಫ್ಯಾನ್‌ನ ಸ್ಕ್ರೂ ತೆಗೆದು ಪಕ್ಕಕ್ಕಿಟ್ಟರೆ ಚಿಮಟದಲ್ಲಿ ಒಂದೇ ಹಾಳೆಯಾಗಿ ಎದ್ದು ಬರುತ್ತದೆ. ಫ್ಯಾನ್ ತೆಗೆಯಲು ಬರದ ಮಾಡೆಲ್ ಆದರೆ ಬ್ಲೇಡ್ ನಡುವೆ ಊದುಬತ್ತಿ ಕಡ್ಡಿ ಸಿಕ್ಕಿಸಿ ತಿರುಗದಂತೆ ಹಿಡಿದು, ಬಿಸಿಗಾಳಿ ಹೊರಬರುವ ಕಡೆಯಿಂದ ಒಳಕ್ಕೆ ಊದಬೇಕು. ಕೊಯ್ಲು ಮುಗಿಯುವ ಹೊತ್ತಿಗೆ ಬಿಸಿ ಎಂಟು ಹತ್ತು ಡಿಗ್ರಿ ಏರಿದೆ ಅಂದರೆ ಥರ್ಮಲ್ ಪೇಸ್ಟ್ ಬದಲಿಸುವ ಮೊದಲು ಈ ಪದರ ನೋಡಿ.

ಕಡಿಮೆ ಪವರ್ ಅನ್ನುವುದು ನಮ್ಮಲ್ಲಿ ಕೊರತೆಯಲ್ಲ, ಅನುಕೂಲ. 45 ವ್ಯಾಟ್ ಮಿತಿಯಲ್ಲಿ ಗೋಡೆಯಿಂದ ಎಳೆಯುವುದು 75 ವ್ಯಾಟ್, ಮಾನಿಟರ್ ಸೇರಿ 100. 12 ವೋಲ್ಟ್ 7 ಎಎಚ್ ಬ್ಯಾಟರಿಯ ಸಾಮಾನ್ಯ 600 ವಿಎ ಯುಪಿಎಸ್‌ನಲ್ಲಿ 84 ವ್ಯಾಟ್-ಅವರ್ ಇದೆ, ಅರ್ಧ ಕೈಗೆ ಸಿಕ್ಕಿತು ಅಂದುಕೊಂಡರೂ ಕರೆಂಟ್ ಹೋದ ಮೇಲೆ 25 ನಿಮಿಷ. ಅಡಾಪ್ಟರ್ ಮೇಲೆ ‘100-240V’ ಎಂದು ಬರೆದಿದ್ದರೆ ಸಂಜೆ ವೋಲ್ಟೇಜ್ 170ಕ್ಕೆ ಬಿದ್ದರೂ ಅದಕ್ಕೆ ಏನೂ ಆಗುವುದಿಲ್ಲ. ಗುಡುಗು ಶುರುವಾದರೆ ಮಾತ್ರ ಪ್ಲಗ್ ಜೊತೆ ಲ್ಯಾನ್ ಕೇಬಲನ್ನೂ ಕೀಳಿ.

ಸೈಬರ್‌ಪಂಕ್ 2077ರಂಥ ಭಾರದ ಗೇಮ್‌ನಲ್ಲಿ ಲೋ ಸೆಟ್ಟಿಂಗ್, ಎಫ್‌ಎಸ್‌ಆರ್ ಎರಡೂ ಹಾಕಿ 45 ಎಫ್‌ಪಿಎಸ್ ಸುತ್ತ ಬರುತ್ತದೆ. ಅಲ್ಲಿ 40ಕ್ಕೆ ಕಟ್ಟಿ ಆಡುವುದೇ ಸರಿ. ರೇ ಟ್ರೇಸಿಂಗ್ ಬೇಕು ಅನ್ನುವವರು, 1440ಪಿ ಮಾನಿಟರ್ ಈಗಾಗಲೇ ತಂದಿಟ್ಟುಕೊಂಡವರು ಇದನ್ನು ಕೊಳ್ಳಬೇಡಿ. ಆಮೇಲೆ ಕಾರ್ಡ್ ಸೇರಿಸುವ ಯೋಚನೆ ಇದ್ದರೆ ಹಿಂಬದಿಯಲ್ಲಿ ಆಕ್ಯುಲಿಂಕ್ ಪೋರ್ಟ್ ಇರುವ ಮಾಡೆಲನ್ನೇ ಆರಿಸಿ, ಕಾರ್ಡ್‌ಗೆ ಬೇರೆಯೇ ಪವರ್ ಸಪ್ಲೈ ಬೇಕಾಗುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ.